ರಕ್ತ ನಾರ್ಮಲ್ ಇದ್ದರೂ ಮೂರು ತಿಂಗಳಿಗೊಮ್ಮೆ ಬಿಸಿಆರ್ ಟೆಸ್ಟ್ ಯಾಕೆ?

ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರ್ ಇರುವವರು ಇಮ್ಯಾಟಿನಿಬ್ ಮಾತ್ರೆ ಶುರು ಮಾಡಿದ ಮೇಲೆ ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲೇ ಬಿಳಿ ರಕ್ತಕಣದ ಲೆಕ್ಕ ಸರಿಹೋಗುತ್ತದೆ. ಊದಿದ್ದ ಗುಲ್ಮ ಕರಗುತ್ತದೆ. ಊಟ ಸೇರುತ್ತದೆ, ತೋಟಕ್ಕೆ ಹೋಗಿ ಬರುವ ಶಕ್ತಿ ಬರುತ್ತದೆ. ಆಮೇಲೂ ಡಾಕ್ಟರು ಮೂರು ತಿಂಗಳಿಗೊಮ್ಮೆ 'ಬಿಸಿಆರ್-ಎಬಿಎಲ್ ಮಾಡಿಸಿ' ಅಂತ ಬರೆದುಕೊಡುತ್ತಾರೆ. ಕೆಲವು ಸಾವಿರ ರೂಪಾಯಿಯ ಟೆಸ್ಟ್ ಅದು. ಆರಾಮಾಗಿರುವ ಮನುಷ್ಯನಿಗೆ ಇದು ದಂಡ ಅನ್ನಿಸಿದರೆ ಆಶ್ಚರ್ಯವಿಲ್ಲ.

ನಾನು ಹಾಸನದಲ್ಲಿ ರಕ್ತಪರೀಕ್ಷೆಯ ಲ್ಯಾಬ್ ನಡೆಸುವವನು. ರಕ್ತಕಣಗಳನ್ನು ಎಣಿಸುವ ಸಿಬಿಸಿ ನಮ್ಮಲ್ಲೇ ಆಗುತ್ತದೆ, ಬಿಸಿಆರ್ ಸ್ಯಾಂಪಲ್ ಬೆಂಗಳೂರಿಗೆ ಕಳಿಸುತ್ತೇವೆ. ರಿಪೋರ್ಟ್ ಬಂದಾಗ ಅದನ್ನು ಹಿಡಿದುಕೊಂಡು ಮೊದಲು ಕೇಳುವುದು ನಮ್ಮನ್ನೇ. ಇಲ್ಲಿ ಒಬ್ಬರ ಕಥೆ ಇಟ್ಟುಕೊಂಡು ಹೇಳುತ್ತೇನೆ. ಇವರು ಒಬ್ಬರೇ ವ್ಯಕ್ತಿ ಅಲ್ಲ, ಇಬ್ಬರು ಮೂವರನ್ನು ಸೇರಿಸಿ ಮಾಡಿಕೊಂಡ ಒಬ್ಬರು. ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು, ವಯಸ್ಸು ನಲವತ್ತರ ಆಸುಪಾಸು. ಗೌಡ್ರು ಅಂತ ಕರೆಯೋಣ.

ಗೌಡ್ರು ಮೊದಲು ಬಂದಿದ್ದು ಎಡಪಕ್ಕೆಯ ಕೆಳಗೆ ಭಾರ ಅಂತ. ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿಬಿಡುತ್ತಿತ್ತು. ಗ್ಯಾಸ್ಟ್ರಿಕ್ ಇರಬೇಕು ಅಂತ ಮಾತ್ರೆ ನುಂಗಿಕೊಂಡು ದಿನ ತಳ್ಳಿದ್ದರು. ಸಿಬಿಸಿಯಲ್ಲಿ ಬಿಳಿ ರಕ್ತಕಣ 1,84,000 ಬಂತು. ಸಾಮಾನ್ಯವಾಗಿ ಇರಬೇಕಾದದ್ದು 4,000ದಿಂದ 11,000. ಮಷೀನ್ ತಪ್ಪಿರಬಹುದು ಅಂತ ಗಾಜಿನ ಮೇಲೆ ಒಂದು ಹನಿ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದೆವು. ಅಲ್ಲಿ ಕೆಂಪು ಕಣಗಳ ನಡುವೆ ಅಪರೂಪಕ್ಕೆ ಒಂದೊಂದು ಕಾಣಬೇಕಾದ ಬಿಳಿ ಕಣಗಳು ಒಂದಕ್ಕೊಂದು ತಾಗಿಕೊಂಡು ಕೂತಿದ್ದವು. ಅದಕ್ಕಿಂತ ಮುಖ್ಯ ಏನೆಂದರೆ, ಎಲ್ಲಾ ವಯಸ್ಸಿನವೂ ಇದ್ದವು. ಮೂಳೆಯ ಮಜ್ಜೆಯೊಳಗೇ ಇದ್ದು ಬೆಳೆಯಬೇಕಾದ ಎಳೆಯ ಕಣಗಳು, ಅರ್ಧ ಬೆಳೆದವು, ಪೂರ್ತಿ ಬೆಳೆದವು, ಎಲ್ಲವೂ ಒಟ್ಟಿಗೆ ರಕ್ತಕ್ಕೆ ಬಂದುಬಿಟ್ಟಿದ್ದವು. ಬೇಸೋಫಿಲ್ ಅನ್ನುವ ಕಡುನೀಲಿ ಚುಕ್ಕೆಯ ಕಣಗಳೂ ಜಾಸ್ತಿ. ಇಷ್ಟು ಕಂಡರೆ ಯಾವ ಲ್ಯಾಬಿನವರಿಗೂ ಸಿಎಂಎಲ್ ಅನುಮಾನ ಬಂದೇ ಬರುತ್ತದೆ. ಆದರೆ ಇದು ಅನುಮಾನ ಮಾತ್ರ. ಖಾತ್ರಿಯಾಗಬೇಕಾದರೆ ಆ ಕಣಗಳೊಳಗೆ ಒಂದು ನಿರ್ದಿಷ್ಟ ತಪ್ಪು ಸಿಗಬೇಕು.

ಆ ತಪ್ಪಿನ ಸುಳಿವು ಸಿಕ್ಕಿದ್ದು 1960ರಲ್ಲಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಎಂಬುವವರು ಈ ರೋಗಿಗಳ ಕಣಗಳಲ್ಲಿ ಒಂದು ಕ್ರೋಮೋಸೋಮ್ ತೀರಾ ಗಿಡ್ಡವಾಗಿರುವುದನ್ನು ನೋಡಿದರು. ಊರಿನ ಹೆಸರೇ ಅದಕ್ಕೆ ಉಳಿಯಿತು. ಅದು ಯಾಕೆ ಗಿಡ್ಡ ಅನ್ನುವುದು 1973ರಲ್ಲಿ ಜಾನೆಟ್ ರೌಲಿಯವರಿಂದ ಗೊತ್ತಾಯಿತು. 9ನೇ ಕ್ರೋಮೋಸೋಮಿನ ತುದಿಯೂ 22ನೇ ಕ್ರೋಮೋಸೋಮಿನ ತುದಿಯೂ ತುಂಡಾಗಿ, ಅದಲುಬದಲಾಗಿ ಅಂಟಿಕೊಂಡಿರುತ್ತವೆ. 9ರಲ್ಲಿದ್ದ ಎಬಿಎಲ್ ಎಂಬ ಜೀನ್ ಹೋಗಿ 22ರಲ್ಲಿರುವ ಬಿಸಿಆರ್ ಎಂಬ ಜೀನಿನ ಬಾಲಕ್ಕೆ ಸೇರಿಕೊಳ್ಳುತ್ತದೆ. ಎರಡು ಜೀನ್ ಸೇರಿ ಒಂದಾಗಿ, ಎರಡೂ ಬೆಸೆದ ಒಂದೇ ಪ್ರೋಟೀನ್ ತಯಾರಾಗುತ್ತದೆ. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಯಾವಾಗಲೋ ಮಜ್ಜೆಯ ಒಂದೇ ಒಂದು ಮೂಲಕಣದಲ್ಲಿ ಆದ ಅನಾಹುತ. ಉಳಿದವೆಲ್ಲ ಆ ಒಂದರ ಸಂತಾನ.

ಹೀಗೆ ಬೆಸೆದುಕೊಂಡರೆ ಏನಾಯಿತು ಅಂತ? ಎಬಿಎಲ್ ಪ್ರೋಟೀನಿನ ಕೆಲಸ ಬೇರೆ ಪ್ರೋಟೀನುಗಳ ಮೇಲೆ ಒಂದು ಫಾಸ್ಫೇಟ್ ಅಂಟಿಸುವುದು. ಆ ಫಾಸ್ಫೇಟನ್ನು ಅದು ಎಟಿಪಿ ಎಂಬ ಅಣುವಿನಿಂದ ಕಿತ್ತುಕೊಳ್ಳುತ್ತದೆ. ಎಟಿಪಿ ಬಂದು ಕೂರುವುದಕ್ಕೆ ಅದರ ಮೈಯಲ್ಲಿ ಒಂದು ಸಂದು ಇದೆ. ಫಾಸ್ಫೇಟ್ ಬಿದ್ದ ಪ್ರೋಟೀನ್ ಮುಂದಿನದಕ್ಕೆ ಸುದ್ದಿ ಮುಟ್ಟಿಸುತ್ತದೆ. ಆ ಸುದ್ದಿ 'ಇನ್ನೂ ಎರಡಾಗು, ಸಾಯಬೇಡ' ಅನ್ನುವಂಥದ್ದು. ಇಂಥ ಕೆಲಸ ಮಾಡುವ ಪ್ರೋಟೀನುಗಳಿಗೆ ಕೈನೇಸ್ ಅನ್ನುತ್ತಾರೆ. ಆರೋಗ್ಯವಂತರಲ್ಲಿ ಎಬಿಎಲ್ ಹೆಚ್ಚು ಹೊತ್ತು ಆಫ್ ಆಗಿಯೇ ಇರುತ್ತದೆ. ಅದರ ಮುಂಭಾಗದ ತುದಿಯಲ್ಲಿ ಒಂದು ಕೊಬ್ಬಿನ ಎಳೆ ಇದೆ. ಅದು ಬಳಸಿ ಬಂದು ಅದೇ ಪ್ರೋಟೀನಿನ ಬೆನ್ನ ಕಡೆಯ ಒಂದು ಗುಳಿಯಲ್ಲಿ ಕೂತುಕೊಂಡು, ಇಡೀ ಪ್ರೋಟೀನನ್ನು ಮಡಚಿ ಹಿಡಿದಿರುತ್ತದೆ. ಬೇಕಾದಾಗ ಬಿಚ್ಚಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಮಡಚಿಕೊಳ್ಳುತ್ತದೆ.

ಬಿಸಿಆರ್ ಜೊತೆ ಬೆಸೆದುಕೊಳ್ಳುವಾಗ ಎಬಿಎಲ್‌ನ ಆ ಮುಂಭಾಗದ ತುದಿ ಕಳೆದುಹೋಗುತ್ತದೆ. ಅದರ ಜಾಗಕ್ಕೆ ಬಂದ ಬಿಸಿಆರ್ ತುಂಡು ಇನ್ನೊಂದು ಕೆಟ್ಟ ಗುಣ ತರುತ್ತದೆ. ಇಂಥ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗುಂಪಾಗುವ ಹಾಗೆ ಮಾಡುತ್ತದೆ. ಗುಂಪಾದವು ಒಂದರ ಮೇಲೆ ಇನ್ನೊಂದು ಫಾಸ್ಫೇಟ್ ಅಂಟಿಸಿಕೊಂಡು, ಪರಸ್ಪರ ಆನ್ ಮಾಡಿಕೊಳ್ಳುತ್ತವೆ. ಆಟೋ ಕಟ್ ಕಿತ್ತುಹೋದ ಪಂಪ್‌ಸೆಟ್ಟಿನ ಸ್ಟಾರ್ಟರ್ ಇದ್ದಂತೆ, ನೀರಿದ್ದರೂ ಇಲ್ಲದಿದ್ದರೂ ಮೋಟಾರ್ ಓಡುತ್ತಲೇ ಇರುತ್ತದೆ. ಮಜ್ಜೆಗೆ ಹಗಲು ರಾತ್ರಿ 'ಎರಡಾಗು' ಎಂಬ ಸುದ್ದಿ. ಗೌಡ್ರ 1,84,000 ಹುಟ್ಟಿದ್ದು ಹೀಗೆ.

ಈಗ ಇಮ್ಯಾಟಿನಿಬ್ ವಿಷಯಕ್ಕೆ ಬರೋಣ. ಈ ಅಣು ಎಟಿಪಿ ಕೂರುವ ಸಂದಿನಲ್ಲೇ ಹೋಗಿ ಕೂರುತ್ತದೆ. ಎಟಿಪಿಗೆ ಜಾಗವಿಲ್ಲ, ಹಾಗಾಗಿ ಅಂಟಿಸಲು ಫಾಸ್ಫೇಟೂ ಇಲ್ಲ. ಆದರೆ ನಮ್ಮ ದೇಹದಲ್ಲಿ ನೂರಾರು ಕೈನೇಸ್‌ಗಳಿವೆ, ಎಲ್ಲವಕ್ಕೂ ಇಂಥ ಸಂದು ಇದೆ. ಎಲ್ಲವನ್ನೂ ಮುಚ್ಚಿದರೆ ಮನುಷ್ಯ ಉಳಿಯುವುದಿಲ್ಲ. ಇಲ್ಲೇ ಈ ಮಾತ್ರೆಯ ಜಾಣತನ ಇರುವುದು. ಓಡುತ್ತಿರುವ ಸ್ಥಿತಿಯಲ್ಲಿ ಕೈನೇಸ್‌ಗಳೆಲ್ಲ ಸುಮಾರು ಒಂದೇ ಥರ ಕಾಣುತ್ತವೆ, ಆದರೆ ಆಫ್ ಆದಾಗ ಒಂದೊಂದೂ ತನ್ನದೇ ರೀತಿಯಲ್ಲಿ ಮಡಚಿಕೊಳ್ಳುತ್ತದೆ. ಬಿಸಿಆರ್-ಎಬಿಎಲ್ ಕೂಡ ಕ್ಷಣಮಾತ್ರ ಆ ಆಫ್ ಭಂಗಿಗೆ ಬಂದು ಹೋಗುತ್ತಿರುತ್ತದೆ. ಇಮ್ಯಾಟಿನಿಬ್ ಹಿಡಿದುಕೊಳ್ಳುವುದು ಆ ಭಂಗಿಯನ್ನೇ. ಹಿಡಿದ ಮೇಲೆ ಮತ್ತೆ ಬಿಚ್ಚಿಕೊಳ್ಳಲು ಬಿಡುವುದಿಲ್ಲ. ಎಬಿಎಲ್ ಬಿಟ್ಟರೆ ಕಿಟ್, ಪಿಡಿಜಿಎಫ್ ರಿಸೆಪ್ಟರ್ ಮುಂತಾದ ಕೆಲವೇ ಕೈನೇಸ್‌ಗಳಿಗೆ ಇದು ಅಂಟುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕಣಗಳಿಗೆ ಕಿಟ್ ಬೇಕು. ಹಾಗಾಗಿ ಮಾತ್ರೆ ತಗೊಳ್ಳುವ ಕೆಲವರ ಮೈಬಣ್ಣ ತಿಳಿಯಾಗುತ್ತದೆ. ಗೌಡ್ರಿಗೂ ಹಾಗೇ ಆಯಿತು. ಮದುವೆ ಮನೆಯಲ್ಲಿ 'ಏನ್ ಗೌಡ್ರೇ, ಬೆಳ್ಳಗಾಗ್ಬಿಟ್ರಿ' ಅಂತ ಕೇಳಿದವರಿಗೆ ಏನು ಹೇಳೋದು ಅಂತ ಅವರಿಗೇ ಗೊತ್ತಾಗಲಿಲ್ಲ. ಕಣ್ಣಿನ ಸುತ್ತ ಬಾವು, ಮೀನಖಂಡದಲ್ಲಿ ಸೆಳೆತ, ವಾಕರಿಕೆ, ಇವು ಇನ್ನೂ ಸಾಮಾನ್ಯ.

ಈ ಅಣುವನ್ನು ತಯಾರಿಸಿದ್ದು ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಯಲ್ಲಿ. ಅದೇ ಮುಂದೆ ನೋವಾರ್ಟಿಸ್‌ನ ಭಾಗವಾಯಿತು. ನಿಕೊಲಸ್ ಲೈಡನ್, ಯೂರ್ಗ್ ಝಿಮ್ಮರ್‌ಮನ್ ಮೊದಲಾದವರು ಅಲ್ಲಿದ್ದರು. ಬ್ರಯನ್ ಡ್ರುಕರ್ ಎಂಬ ಅಮೆರಿಕದ ವೈದ್ಯರು ಇದನ್ನು ಸಿಎಂಎಲ್‌ಗೆ ಕೊಟ್ಟು ನೋಡಬೇಕು ಅಂತ ಹಟ ಹಿಡಿದರು. 1998ರಲ್ಲಿ ಮನುಷ್ಯರ ಮೇಲೆ ಮೊದಲ ಪ್ರಯೋಗ, 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ. ಐರಿಸ್ ಎಂಬ ದೊಡ್ಡ ಅಧ್ಯಯನದಲ್ಲಿ ಈ ಮಾತ್ರೆಯಿಂದ ಶುರು ಮಾಡಿದವರ ಪೈಕಿ ನೂರಕ್ಕೆ 83 ಮಂದಿ ಹತ್ತು ವರ್ಷದ ನಂತರವೂ ಬದುಕಿದ್ದರು. ನಮ್ಮ ದೇಶದಲ್ಲಿ ಈ ಮಾತ್ರೆಯ ಪೇಟೆಂಟ್ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2013ರ ಏಪ್ರಿಲ್ 1ರಂದು ನೋವಾರ್ಟಿಸ್ ಸೋತಿತು. ಆ ತೀರ್ಪು ಬೇರೆ ಥರ ಬಂದಿದ್ದರೆ ಗೌಡ್ರಂಥವರು ತೋಟ ಮಾರಬೇಕಾಗುತ್ತಿತ್ತು ಅಂತ ನನ್ನ ಅನಿಸಿಕೆ.

ಮಾತ್ರೆ ಮಾಡುವುದು ಇಷ್ಟನ್ನೇ, ಸಂದು ಮುಚ್ಚಿ ಕೂರುವುದು. ತಪ್ಪಾಗಿ ಬೆಸೆದ ಜೀನನ್ನು ಅದು ಮುಟ್ಟುವುದೂ ಇಲ್ಲ, ಸರಿಮಾಡುವುದೂ ಇಲ್ಲ. ಆ ಸುದ್ದಿಯನ್ನೇ ನಂಬಿ ಬದುಕುತ್ತಿದ್ದ ಕಣಗಳು ಸುದ್ದಿ ನಿಂತಾಗ ಸಾಯುತ್ತವೆ. ಆದರೆ ಮಜ್ಜೆಯ ಆಳದಲ್ಲಿ ಸುಮ್ನೆ ಮಲಗಿರುವ ಮೂಲಕಣಗಳು ಕೆಲವು ಇವೆ. ಅವಕ್ಕೆ ಬದುಕಲು ಆ ಸುದ್ದಿ ಬೇಕಿಲ್ಲ, ಹಾಗಾಗಿ ಮಾತ್ರೆಗೆ ಅವು ಸಾಯುವುದೂ ಇಲ್ಲ. ಇಮ್ಯಾಟಿನಿಬ್ ಸುಮಾರು 18 ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ದಿನಾ ತಪ್ಪದೆ 400 ಮಿಲಿಗ್ರಾಂ ಅಂತ ಹೇಳುವುದು ಅದಕ್ಕೇ. ಊಟದ ಜೊತೆ, ಒಂದು ದೊಡ್ಡ ಲೋಟ ನೀರಿನಲ್ಲಿ ಅನ್ನುವುದು ಹೊಟ್ಟೆಗೆ ತೊಂದರೆಯಾಗದಿರಲಿ ಅಂತ. ಎರಡು ದಿನ ಬಿಟ್ಟರೆ ಸಂದು ಮತ್ತೆ ಖಾಲಿಯಾಗುತ್ತಾ ಬರುತ್ತದೆ.

ಈಗ ಮೊದಲಿನ ಪ್ರಶ್ನೆ. ರಕ್ತ ನಾರ್ಮಲ್ ಆದ ಮೇಲೂ ಟೆಸ್ಟ್ ಯಾಕೆ? ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಒಬ್ಬರ ಮೈಯಲ್ಲಿ ಲ್ಯುಕೇಮಿಯಾ ಕಣಗಳು ಅಂದಾಜು ಒಂದು ಲಕ್ಷ ಕೋಟಿ ಇರುತ್ತವೆ. ಅವು ಹತ್ತರಲ್ಲಿ ಒಂದು ಭಾಗಕ್ಕೋ ನೂರರಲ್ಲಿ ಒಂದು ಭಾಗಕ್ಕೋ ಇಳಿದರೆ ಸಾಕು, ಸಿಬಿಸಿ ಪೂರ್ತಿ ನಾರ್ಮಲ್ ಬರುತ್ತದೆ. ನೂರರಲ್ಲಿ ಒಂದು ಅಂದರೂ ಇನ್ನೂ ಸಾವಿರ ಕೋಟಿ ಉಳಿದಿವೆ, ಅಲ್ವಾ? ಸಿಬಿಸಿ ಮಷೀನಿಗೆ ಒಳ್ಳೆಯ ಬಿಳಿ ಕಣ ಯಾವುದು, ಫಿಲಡೆಲ್ಫಿಯಾ ಕಣ ಯಾವುದು ಗೊತ್ತಾಗುವುದಿಲ್ಲ. ಅದು ತಲೆ ಎಣಿಸುತ್ತದೆ ಅಷ್ಟೇ.

ಬಿಸಿಆರ್ ಟೆಸ್ಟ್ ಎಣಿಸುವುದು ಬೇರೆಯದನ್ನೇ. ಜೀನಿನಿಂದ ಪ್ರೋಟೀನ್ ಆಗುವ ಮೊದಲು ಆರ್‌ಎನ್‌ಎ ಎಂಬ ನಕಲು ತಯಾರಾಗುತ್ತದೆ. ಟ್ರಾನ್ಸ್‌ಕ್ರಿಪ್ಟ್ ಅಂದರೆ ಅದೇ. ಬಿಸಿಆರ್ ಮತ್ತು ಎಬಿಎಲ್ ಬೆಸೆದ ನಕಲು ಆರೋಗ್ಯವಂತ ಕಣದಲ್ಲಿ ಇರುವುದಿಲ್ಲ, ಹಾಗಾಗಿ ಅದನ್ನು ಎಣಿಸಿದರೆ ಕಾಯಿಲೆಯನ್ನೇ ಎಣಿಸಿದಂತೆ. ನೇರವಾಗಿ ಡಿಎನ್‌ಎಯನ್ನೇ ನೋಡಬಹುದಲ್ಲ ಅಂತ ಕೇಳಬಹುದು. ತೊಂದರೆ ಏನೆಂದರೆ, ಡಿಎನ್‌ಎ ತುಂಡಾದ ಜಾಗ ಒಬ್ಬೊಬ್ಬರಲ್ಲಿ ಒಂದೊಂದು ಕಡೆ ಇರುತ್ತದೆ. ನಕಲು ತಯಾರಾಗುವಾಗ ಬೇಡದ ಉದ್ದಗಳೆಲ್ಲ ಕತ್ತರಿಸಿಹೋಗುತ್ತವೆ. ಕೊನೆಗೆ ಉಳಿಯುವ ಬೆಸುಗೆ ಹೆಚ್ಚಿನವರಲ್ಲಿ ಎರಡೇ ಬಗೆ. ಇ13ಎ2 ಅಥವಾ ಇ14ಎ2 ಅಂತ ರಿಪೋರ್ಟಿನಲ್ಲಿ ಬರೆದಿರುತ್ತಾರೆ. ಹಾಗಾಗಿ ಎಲ್ಲರಿಗೂ ಒಂದೇ ಟೆಸ್ಟ್ ಸಾಕಾಗುತ್ತದೆ. ಹೆಚ್ಚಿನವರಿಗೆ ಅನ್ನಬೇಕು. ಇ19ಎ2 ಥರದ ಅಪರೂಪದ ಬೆಸುಗೆ ಇದ್ದರೆ, ಮಾಮೂಲಿ ಟೆಸ್ಟ್ ಮೊದಲ ದಿನದಿಂದಲೇ ಸೊನ್ನೆ ತೋರಿಸಬಹುದು. ಅದಕ್ಕೇ ಚಿಕಿತ್ಸೆ ಶುರುವಾಗುವ ಮೊದಲೇ ಯಾವ ಬಗೆಯ ಬೆಸುಗೆ ಅಂತ ನೋಡಿ ಬರೆದಿಟ್ಟಿರಬೇಕು. ಆ ಮೊದಲ ರಿಪೋರ್ಟನ್ನು ಕಳೆದುಕೊಂಡು ಬರುವವರು ಬೇಕಾದಷ್ಟು ಮಂದಿ. ಜೋಪಾನವಾಗಿ ಇಡಬೇಕಾದ ಕಾಗದ ಅದು.

ಗೌಡ್ರ ಒಂದು ವರ್ಷದ ರಿಪೋರ್ಟಿನಲ್ಲಿ ನೋಡಬೇಕಾದ ಸಾಲುಗಳು ಇವು:

```
BCR-ABL1 copies : 46
ABL1 copies     : 38,400
Conversion factor : 0.71
BCR-ABL1 (IS)   : 0.085 %
```

ಲೆಕ್ಕ ಸುಲಭ. 46ನ್ನು 38,400ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 0.12 ಬರುತ್ತದೆ. ಅದನ್ನು 0.71ರಿಂದ ಗುಣಿಸಿದರೆ 0.085. ಎಬಿಎಲ್ ನಕಲು ಎಲ್ಲಾ ಬಿಳಿ ಕಣಗಳಲ್ಲೂ ಇರುವುದರಿಂದ, ಸ್ಯಾಂಪಲಿನಲ್ಲಿ ಎಷ್ಟು ಸರಕಿತ್ತು ಅನ್ನುವುದಕ್ಕೆ ಅದು ಅಳತೆ. ಮೂರನೇ ಸಾಲಿನ 0.71 ಆ ಲ್ಯಾಬಿನ ತಿದ್ದುಪಡಿ. ಒಂದೊಂದು ಲ್ಯಾಬಿನ ವಿಧಾನ ಒಂದೊಂದು ಅಂಕಿ ಕೊಡುತ್ತದೆ. ಎಲ್ಲವನ್ನೂ ಒಂದೇ ಅಂತರರಾಷ್ಟ್ರೀಯ ಅಳತೆಗೆ ತರುವುದಕ್ಕೆ ಹೀಗೆ ಗುಣಿಸುತ್ತಾರೆ. ಕೊನೆಯ ಸಾಲಿನಲ್ಲಿ IS ಅಂತ ಇಲ್ಲದಿದ್ದರೆ ಆ ಅಂಕಿಯನ್ನು ಬೇರೆ ಲ್ಯಾಬಿನ ಅಂಕಿಯ ಜೊತೆ ಹೋಲಿಸಬಾರದು. ಇದ್ದರೂ, ಆದಷ್ಟು ಒಂದೇ ಲ್ಯಾಬಿಗೆ ಕಳಿಸುವುದು ವಾಸಿ.

ಈ ಅಳತೆಯಲ್ಲಿ 100 ಅನ್ನುವುದು ಗೌಡ್ರ ಮೊದಲ ದಿನದ ಮಟ್ಟ ಅಲ್ಲ. ಐರಿಸ್ ಅಧ್ಯಯನದ ಕೆಲವು ರೋಗಿಗಳ ಶುರುವಿನ ಮಟ್ಟದಿಂದ ನಿಗದಿಪಡಿಸಿದ್ದು. ಅಲ್ಲಿಂದ ಹತ್ತು ಪಟ್ಟು ಇಳಿದರೆ 10, ನೂರು ಪಟ್ಟಿಗೆ 1, ಸಾವಿರ ಪಟ್ಟಿಗೆ 0.1. ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಮೂರನೇ ತಿಂಗಳಿಗೆ 10ಕ್ಕೆ, ಆರನೇ ತಿಂಗಳಿಗೆ 1ಕ್ಕೆ, ಹನ್ನೆರಡನೇ ತಿಂಗಳಿಗೆ 0.1ಕ್ಕೆ ಅಥವಾ ಅದಕ್ಕೂ ಕೆಳಗೆ ಬಂದಿರಬೇಕು. ಗೌಡ್ರದ್ದು ಕ್ರಮವಾಗಿ 6.4, 0.71, 0.085. ಚೆನ್ನಾಗಿ ಇಳಿಯಿತು. ಹದಿನೆಂಟನೇ ತಿಂಗಳಲ್ಲಿ 0.032. 0.1ರ ಕೆಳಗೆ ಉಳಿದವರಲ್ಲಿ ಕಾಯಿಲೆ ಉಗ್ರ ಹಂತಕ್ಕೆ ಹೋಗುವುದು ತೀರಾ ಅಪರೂಪ. ಡಾಕ್ಟರುಗಳು ಆ ಗೆರೆಯನ್ನು ಅಷ್ಟೊಂದು ಹಿಡಿದುಕೊಳ್ಳುವುದು ಅದಕ್ಕೇ.

ಆಮೇಲೆ ಒಂದು ಕಾಫಿ ಕೊಯ್ಲು ಬಂತು. ಫೆಬ್ರವರಿ ಕೊನೆಯ ಸ್ಯಾಂಪಲ್ 0.29 ಅಂತ ಬಂತು. ಅದೇ ದಿನದ ಸಿಬಿಸಿಯಲ್ಲಿ ಬಿಳಿ ರಕ್ತಕಣ 6,800, ಪ್ಲೇಟ್‌ಲೆಟ್ 2.4 ಲಕ್ಷ. ಪಠ್ಯಪುಸ್ತಕದಲ್ಲಿ ಹಾಕಬಹುದಾದಷ್ಟು ನಾರ್ಮಲ್. ಬಿಸಿಆರ್ ಮಾಡಿಸದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಒಂದು ಸಲ ಏರಿದ ಕೂಡಲೇ ಗಾಬರಿಯಾಗಬೇಕಿಲ್ಲ. ಈ ಟೆಸ್ಟಿನಲ್ಲೇ ಎರಡು ಮೂರು ಪಟ್ಟಿನ ಅಲುಗಾಟ ಇದ್ದದ್ದೇ. 0.02 ಇದ್ದದ್ದು 0.04 ಆಯಿತು ಅಂತ ನಿದ್ದೆಗೆಡುವವರಿಗೆ ನಾನು ಇದನ್ನೇ ಹೇಳುವುದು. ಆದರೆ 0.032ರಿಂದ 0.29ಕ್ಕೆ ಅಂದರೆ ಒಂಬತ್ತು ಪಟ್ಟು, ಜೊತೆಗೆ 0.1ರ ಗೆರೆ ದಾಟಿದೆ. ಇದನ್ನು ಅಲುಗಾಟ ಅನ್ನಲಾಗದು. ಒಂದು ತಿಂಗಳು ಬಿಟ್ಟು ಮತ್ತೆ ಕಳಿಸಿದರೆ 0.41.

ಡಾಕ್ಟರು ಮೊದಲು ಕೇಳಿದ್ದು ಮಾತ್ರೆಯ ಬಗ್ಗೆ. ಗೌಡ್ರು ದಿನಾ ತಗೊಳ್ತಿದ್ದೀನಿ ಅಂದರು. ಸುಳ್ಳು ಹೇಳುವ ಮನುಷ್ಯ ಅಲ್ಲ. ಆದರೆ ಹೆಂಡತಿ ಮೆಡಿಕಲ್ ಸ್ಟೋರಿನ ಬಿಲ್ಲುಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದರು. ಅವನ್ನು ಮೇಜಿನ ಮೇಲೆ ಹರಡಿ ತಾರೀಖು ನೋಡಿದರೆ, 30 ಮಾತ್ರೆ 38 ದಿನ ಬಂದಿತ್ತು. ಅಂದರೆ ನೂರಕ್ಕೆ 79.

'ಆಳುಗಳು ಎಂಟಕ್ಕೆ ಬರ್ತಾರೆ ಸರ್. ತಿಂಡಿ ತಿಂದು ಮಾತ್ರೆ ನುಂಗಿದ್ರೆ ವಾಕರಿಕೆ. ಗಾಡಿಯಲ್ಲಿ ಮೂಟೆ ಜೊತೆ ಹೋಗೋ ದಿನ ಬಿಟ್ಬಿಡ್ತಿದ್ದೆ. ವಾರಕ್ಕೆ ಒಂದೋ ಎರಡೋ. ಅಷ್ಟಕ್ಕೆ ಏನಾಗುತ್ತೆ ಅನ್ಕೊಂಡೆ.'

ಅಷ್ಟಕ್ಕೆ ಏನಾಗುತ್ತದೆ ಅನ್ನುವುದನ್ನು ಲಂಡನ್ನಿನಲ್ಲಿ ಅಳೆದು ನೋಡಿದ್ದಾರೆ. ಮಾತ್ರೆ ಡಬ್ಬಿಯ ಮುಚ್ಚಳದೊಳಗೆ ಚಿಪ್ ಇಟ್ಟು, ಎಷ್ಟು ಸಲ ತೆರೆದರು ಅಂತ ಮೂರು ತಿಂಗಳು ದಾಖಲಿಸಿದ ಅಧ್ಯಯನ ಅದು, 2010ರಲ್ಲಿ ಪ್ರಕಟವಾಯಿತು. ನೂರಕ್ಕೆ 90ಕ್ಕಿಂತ ಹೆಚ್ಚು ಮಾತ್ರೆ ತಗೊಂಡವರಲ್ಲಿ ಬಹುತೇಕ ಎಲ್ಲರೂ, ಅಂದರೆ ನೂರಕ್ಕೆ 94ರಷ್ಟು, ಆರು ವರ್ಷದೊಳಗೆ 0.1ರ ಗೆರೆಯ ಕೆಳಗೆ ಬಂದಿದ್ದರು. 90 ಅಥವಾ ಅದಕ್ಕಿಂತ ಕಡಿಮೆ ತಗೊಂಡವರಲ್ಲಿ ನೂರಕ್ಕೆ 28 ಮಾತ್ರ. ತಿಂಗಳಿಗೆ ಮೂರು ಮಾತ್ರೆ ತಪ್ಪಿದರೆ 90ಕ್ಕೆ ಬಂದುಬಿಟ್ಟಿರಿ.

ಗೌಡ್ರ ಮಾತ್ರೆಯನ್ನು ರಾತ್ರಿ ಊಟಕ್ಕೆ ಬದಲಾಯಿಸಿದರು. ವಾಕರಿಕೆಗೆ ಬೇರೆ ಮಾತ್ರೆ ಕೊಟ್ಟರು. ಬೇರೆ ಏನಾದರೂ ಔಷಧಿ ನಡೆಯುತ್ತಿದೆಯಾ ಅಂತಲೂ ಕೇಳಿದರು. ಇಮ್ಯಾಟಿನಿಬ್ಬನ್ನು ಲಿವರ್ ಕರಗಿಸುತ್ತದೆ, ಆ ಕರಗಿಸುವ ವೇಗವನ್ನು ಕೆಲವು ಔಷಧಿಗಳು ಬದಲಿಸುತ್ತವೆ. ಟಿಬಿಗೆ ಕೊಡುವ ರಿಫಾಂಪಿಸಿನ್ ರಕ್ತದಲ್ಲಿನ ಇಮ್ಯಾಟಿನಿಬ್ ಮಟ್ಟವನ್ನು ಮುಕ್ಕಾಲು ಪಾಲಿನಷ್ಟು ಇಳಿಸಿಬಿಡಬಲ್ಲದು. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಕೂಡ ಇದೇ ಸಾಲಿನದು. ದಿನಾ ಮಾತ್ರೆ ನುಂಗಿಯೂ ಅಂಕಿ ಏರಿದರೆ ಇದನ್ನು ನೋಡಬೇಕು. ದ್ರಾಕ್ಷಿಹಣ್ಣಲ್ಲ, ಗ್ರೇಪ್‌ಫ್ರೂಟ್ ಅನ್ನುವ ಹಣ್ಣು ಉಲ್ಟಾ ಮಾಡುತ್ತದೆ, ಮಟ್ಟ ಏರಿಸುತ್ತದೆ. ನಮ್ಮ ಚಕ್ಕೋತ ಅದರ ಹತ್ತಿರದ ನೆಂಟ. ಹಿತ್ತಲಲ್ಲಿ ಬಿಟ್ಟಿದೆ ಅಂತ ದಿನಾ ತಿನ್ನುವ ಬದಲು ದೂರ ಇಡುವುದೇ ಕ್ಷೇಮ.

ಇದರ ಜೊತೆಗೇ ಇನ್ನೊಂದು ಟೆಸ್ಟ್ ಕಳಿಸಿದರು, ಮ್ಯುಟೇಶನ್ ಟೆಸ್ಟ್. ಕಣಗಳು ಎರಡಾಗುತ್ತಾ ಹೋದಂತೆ ಬಿಸಿಆರ್-ಎಬಿಎಲ್ ಜೀನಿನಲ್ಲೇ ಅಕ್ಷರ ತಪ್ಪುಗಳು ಆಗುತ್ತಿರುತ್ತವೆ. ಹೆಚ್ಚಿನವು ಲೆಕ್ಕಕ್ಕಿಲ್ಲ. ಆದರೆ ಇಮ್ಯಾಟಿನಿಬ್ ಕೂರುವ ಸಂದಿನಲ್ಲೇ ತಪ್ಪಾದರೆ ಮಾತ್ರೆ ಕೂರಲಾಗುವುದಿಲ್ಲ. ಅಂಥ ಕಣಕ್ಕೆ ಮಾತ್ರೆಯ ಹೆದರಿಕೆ ಇಲ್ಲ, ಉಳಿದವು ಸತ್ತ ಜಾಗದಲ್ಲಿ ಅದೇ ಬೆಳೆಯುತ್ತದೆ. ತುಂಬಾ ಕುಖ್ಯಾತವಾದದ್ದು ಟಿ315ಐ. 315ನೇ ಜಾಗದಲ್ಲಿ ಥ್ರಿಯೋನಿನ್ ಎಂಬ ಅಮೈನೋ ಆಮ್ಲ ಇರಬೇಕು. ಇಮ್ಯಾಟಿನಿಬ್ ಅದನ್ನು ಒಂದು ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುತ್ತದೆ. ಅಲ್ಲಿ ಐಸೋಲ್ಯೂಸಿನ್ ಬಂದರೆ ಆ ಹಿಡಿತ ತಪ್ಪುತ್ತದೆ, ಜೊತೆಗೆ ಐಸೋಲ್ಯೂಸಿನ್ ಮೈ ದೊಡ್ಡದಾದ್ದರಿಂದ ಅಡ್ಡವೂ ಬರುತ್ತದೆ. ಎಟಿಪಿಗೆ ಮಾತ್ರ ಏನೂ ತೊಂದರೆಯಿಲ್ಲ, ಅದು ಮೊದಲಿನಂತೆಯೇ ಬಂದು ಕೂರುತ್ತದೆ. ಇಮ್ಯಾಟಿನಿಬ್ ನಂತರ ಬಂದ ಡಾಸಾಟಿನಿಬ್, ನಿಲೋಟಿನಿಬ್, ಬೋಸುಟಿನಿಬ್ ಮಾತ್ರೆಗಳು ಕೂಡ ಇದರ ಮುಂದೆ ಸೋಲುತ್ತವೆ. ಪೊನಾಟಿನಿಬ್ ಕೆಲಸ ಮಾಡುತ್ತದೆ. ಅಸಿಮಿನಿಬ್ ಎಂಬ ಹೊಸ ಮಾತ್ರೆ ಆ ಸಂದಿನ ತಂಟೆಗೇ ಹೋಗುವುದಿಲ್ಲ. ಮೊದಲು ಹೇಳಿದೆನಲ್ಲ, ಕೊಬ್ಬಿನ ಎಳೆ ಕೂರುತ್ತಿದ್ದ ಬೆನ್ನಿನ ಗುಳಿ, ಖಾಲಿ ಬಿದ್ದಿರುವ ಆ ಗುಳಿಯಲ್ಲಿ ಹೋಗಿ ಕೂತು ಪ್ರೋಟೀನನ್ನು ಮಡಚುತ್ತದೆ. ನನಗಂತೂ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಈ ಟೆಸ್ಟಿಗೂ ಮಿತಿ ಇದೆ. ಮಾಮೂಲಿ ಸೀಕ್ವೆನ್ಸಿಂಗ್ ವಿಧಾನದಲ್ಲಿ ತಪ್ಪಿರುವ ನಕಲುಗಳು ಐದರಲ್ಲಿ ಒಂದು ಪಾಲಿನಷ್ಟಾದರೂ ಇದ್ದರೆ ಮಾತ್ರ ಸಿಗುತ್ತದೆ. ಗೌಡ್ರದ್ದರಲ್ಲಿ ಮ್ಯುಟೇಶನ್ ಸಿಗಲಿಲ್ಲ. ಹಾಗಂತ ಇಲ್ಲವೇ ಇಲ್ಲ ಅಂತಲೂ ಅಲ್ಲ. ಖಾತ್ರಿ ಮಾಡಿಕೊಳ್ಳುವ ಸುಲಭದ ದಾರಿ ಅಂದರೆ, ಮಾತ್ರೆ ತಪ್ಪದೆ ತಗೊಂಡು ಅಂಕಿ ಇಳಿಯುತ್ತದಾ ನೋಡುವುದು. ಮೂರು ತಿಂಗಳಿಗೆ 0.06, ಇನ್ನೂ ಮೂರು ತಿಂಗಳಿಗೆ 0.02 ಬಂತು. ಮಾತ್ರೆಗೆ ಜಗ್ಗದ ಕಣಗಳಿದ್ದಿದ್ದರೆ ಹೀಗೆ ಇಳಿಯುತ್ತಿರಲಿಲ್ಲ. ಮಾತ್ರೆ ಬದಲಿಸಬೇಕಾಗಲಿಲ್ಲ.

ಇನ್ನೊಂದು ಬಗೆಯ ಮೋಸ ಇದೆ. ಅದು ನಮ್ಮ ಲ್ಯಾಬಿನವರ ಕಡೆಯಿಂದ ಆಗುವಂಥದ್ದು, ಹಾಗಾಗಿ ಹೇಳಲೇಬೇಕು. ರಿಪೋರ್ಟಿನಲ್ಲಿ 'ಪತ್ತೆಯಾಗಿಲ್ಲ' ಅಂತ ಬಂದರೆ ಎಲ್ಲರೂ ಖುಷಿಪಡುತ್ತಾರೆ. ಆಗ ನೋಡಬೇಕಾದದ್ದು ಎರಡನೇ ಸಾಲು. ಎಬಿಎಲ್ ನಕಲು 10,000ಕ್ಕಿಂತ ಕಡಿಮೆ ಇದ್ದರೆ, ಹುಡುಕಲು ಸಾಕಷ್ಟು ಸರಕೇ ಇರಲಿಲ್ಲ ಅಂತ ಅರ್ಥ. 4,000 ನಕಲಿನಲ್ಲಿ ಹುಡುಕಿ ಸಿಗಲಿಲ್ಲ ಅಂದರೆ ಕಾಯಿಲೆ ಹತ್ತು ಸಾವಿರದಲ್ಲಿ ಒಂದಕ್ಕೆ ಇಳಿದಿದೆ ಅಂತ ಹೇಳುವುದಾದರೂ ಹೇಗೆ? 0.0032ರ ಮಟ್ಟವನ್ನು ಹೇಳಬೇಕಾದರೆ 32,000 ಬೇಕು. ಸರಕು ಕಡಿಮೆಯಾಗುವುದಕ್ಕೆ ಮುಖ್ಯ ಕಾರಣ ದಾರಿಯಲ್ಲಿ ಆರ್‌ಎನ್‌ಎ ಹಾಳಾಗುವುದು. ಡಿಎನ್‌ಎಯಂತೆ ಅದು ಗಟ್ಟಿ ಅಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದ ರಕ್ತ ಒಂದೆರಡು ದಿನದೊಳಗೆ ಬೆಂಗಳೂರಿನ ಲ್ಯಾಬ್ ಸೇರಿ ಕೆಲಸ ಶುರುವಾಗಬೇಕು. ಬೇಸಿಗೆಯಲ್ಲಿ ತಣ್ಣಗೆ ಹೋಗಬೇಕು, ಆದರೆ ಫ್ರೀಜರಿನಲ್ಲಿ ಇಡಬಾರದು. ಇಟ್ಟರೆ ಕಣಗಳು ಒಡೆದುಹೋಗುತ್ತವೆ. ಶನಿವಾರ ಮಧ್ಯಾಹ್ನ ರಕ್ತ ಕೊಟ್ಟರೆ ಭಾನುವಾರ ಪೂರ್ತಿ ಅದು ಎಲ್ಲೋ ಕೂತಿರುತ್ತದೆ. ನಮ್ಮಲ್ಲಿ ಬಿಸಿಆರ್ ಸ್ಯಾಂಪಲ್ ಸೋಮವಾರದಿಂದ ಗುರುವಾರದವರೆಗೆ ಮಾತ್ರ ತೆಗೆಯುತ್ತೇವೆ. ದೂರದಿಂದ ಬಂದವರಿಗೆ ಇದರಿಂದ ಬೇಸರ ಆಗುವುದು ನನಗೂ ಗೊತ್ತು.

ಅಂಕಿ ಚೆನ್ನಾಗಿ ಇಳಿದವರು ಕೊನೆಗೆ ಕೇಳುವುದು ಒಂದೇ. ಮಾತ್ರೆ ನಿಲ್ಲಿಸಬಹುದಾ? ಕೆಲವರಿಗೆ ಸಾಧ್ಯ. ಫ್ರಾನ್ಸಿನ ಸ್ಟಿಮ್ ಅಧ್ಯಯನದಲ್ಲಿ, ಎರಡು ವರ್ಷದಿಂದ ಕಾಯಿಲೆ ಪತ್ತೆಯೇ ಆಗದಿದ್ದವರ ಇಮ್ಯಾಟಿನಿಬ್ ನಿಲ್ಲಿಸಿ ನೋಡಿದರು. ನೂರಕ್ಕೆ ಸುಮಾರು 40 ಮಂದಿಯಲ್ಲಿ ಕಾಯಿಲೆ ಮರಳಲಿಲ್ಲ. ಮರಳಿದವರಲ್ಲಿ ಹೆಚ್ಚಿನವರಿಗೆ ಮೊದಲ ಆರು ತಿಂಗಳಲ್ಲೇ ಮರಳಿತು. ಮಾತ್ರೆ ಮತ್ತೆ ಶುರು ಮಾಡಿದಾಗ ಅಂಕಿ ಇಳಿಯಿತು. ಮಲಗಿರುವ ಮೂಲಕಣಗಳು ಯಾರಲ್ಲಿ ಏಳುತ್ತವೆ, ಯಾರಲ್ಲಿ ಸುಮ್ಮನಿರುತ್ತವೆ ಅಂತ ಮೊದಲೇ ಹೇಳುವ ಟೆಸ್ಟ್ ಇಲ್ಲ. ಇಮ್ಯಾಟಿನಿಬ್ ತಗೊಂಡು ಕನಿಷ್ಠ ಐದು ವರ್ಷ ಆಗಿರಬೇಕು, ಅದರಲ್ಲಿ ಎರಡು ವರ್ಷವಾದರೂ 0.01ರ ಕೆಳಗೇ ಇದ್ದಿರಬೇಕು. ನಿಲ್ಲಿಸಿದ ಮೇಲೆ ಮೊದಲ ಆರು ತಿಂಗಳು ಪ್ರತಿ ತಿಂಗಳೂ ಬಿಸಿಆರ್ ಮಾಡಿಸಬೇಕು, 0.1 ದಾಟಿದರೆ ತಕ್ಷಣ ಮಾತ್ರೆ ಶುರು. ಡಾಕ್ಟರಿಗೆ ಹೇಳದೆ ತಾನಾಗಿ ನಿಲ್ಲಿಸುವವರಿಗೆ ಈ ಕಾವಲು ಇರುವುದಿಲ್ಲ.

ಗೌಡ್ರು ಇನ್ನೂ ಆ ಸಾಲಿಗೆ ಬಂದಿಲ್ಲ, ಅವರ ಅಂಕಿ 0.02. ಅದು 0.01ರ ಕೆಳಗೆ ಇಳಿದ ದಿನದಿಂದ ಎರಡು ವರ್ಷದ ಲೆಕ್ಕ ಶುರು.